ಮನೇಲಿ ಮಾಡಿದ ಐಸ್ ಕ್ರೀಮ್ ಕಲ್ಲಾಗೋದ್ಯಾಕೆ? ಹಾಲು, ಕ್ರೀಮ್, ಸಕ್ಕರೆ ಬೇಸ್ ಮಾಡೋ ಪೂರ್ತಿ ವಿಧಾನ, ಜೊತೆಗೆ ಸಕ್ಕರೆ ಲೆಕ್ಕ

ನಾನು ಮೊದಲ್ನೇ ಸಲ ಐಸ್ ಕ್ರೀಮ್ ಮಾಡಿದಾಗ ರೆಸಿಪೀಲಿ ಬರೆದಿದ್ದ ಸಕ್ಕರೆ ನೋಡಿ ಅಬ್ಬಾ ಇಷ್ಟೊಂದಾ ಅಂತ ಅನ್ನಿಸಿ ಅರ್ಧಕ್ಕರ್ಧ ಕಡಿಮೆ ಮಾಡ್ಬಿಟ್ಟೆ. ಬೇಸ್ ರುಚಿ ನೋಡಿದ್ರೆ ಹಿತವಾಗಿತ್ತು, ಖುಷಿಯಾಗಿ ಡಬ್ಬಕ್ಕೆ ತುಂಬಿ ಫ್ರೀಜರಲ್ಲಿಟ್ಟು ಮಲಗಿದೆ. ಮಾರನೇ ದಿನ ತೆಗೆದು ಚಮಚ ಹಾಕಿದ್ರೆ ಚಮಚದ ಕತ್ತೇ ಬಗ್ಗಿಹೋಯ್ತು, ಐಸ್ ಕ್ರೀಮ್ ಮೇಲೆ ಒಂದು ಗೀಟು ಬಿತ್ತು ಅಷ್ಟೇ. ಆಮೇಲೆ ಚಾಕು ತಗೊಂಡು ಸೋಪಿನ ತರ ಕುಯ್ದು ತಿಂದ್ವಿ. ಅವತ್ತು ನಾನು ಬೈದಿದ್ದು ಫ್ರೀಜರ್‌ಗೆ, ತಪ್ಪು ಮಾಡಿದ್ದು ಮಾತ್ರ ನಾನೇ.

ಐಸ್ ಕ್ರೀಮಲ್ಲಿ ಸಕ್ಕರೆ ಎರಡು ಕೆಲಸ ಮಾಡತ್ತೆ. ಒಂದು ಸಿಹಿ ಕೊಡೋದು, ಅದು ಎಲ್ರಿಗೂ ಗೊತ್ತು. ಇನ್ನೊಂದು, ನೀರು ಪೂರ್ತಿ ಗಟ್ಟಿಯಾಗದ ಹಾಗೆ ತಡೆಯೋದು. ಸ್ಕೂಪ್ ಇಳಿಯತ್ತೋ ಇಲ್ವೋ ಅನ್ನೋದು ಬಹುಮಟ್ಟಿಗೆ ಈ ಎರಡನೇ ಕೆಲಸದ ಮೇಲೆ ನಿಂತಿದೆ. ಈ ಬರಹದಲ್ಲಿ ಮೊಟ್ಟೆ ಇಲ್ಲದ, ಮೂರೇ ಸಾಮಾನಿನ ಸಾದಾ ಬೇಸ್ ಹೇಗೆ ಮಾಡೋದು ಅಂತ ಹೇಳ್ತೀನಿ, ಅದೇ ಬೇಸಲ್ಲಿ ಸಕ್ಕರೆ ಮಾತ್ರ ಬದಲಾಯಿಸಿದ್ರೆ ಏನಾಗತ್ತೆ ಅಂತ ಪಕ್ಕಪಕ್ಕ ಇಟ್ಟು ನೋಡೋಣ.

ಸಾಮಾನು, ತೂಕ

ಸುಮಾರು ಒಂದು ಕೆಜಿ ಬೇಸ್‌ಗೆ ಬೇಕಾಗಿರೋದು ಇಷ್ಟು:

- ಕೆನೆ ತೆಗೀದ ಗಟ್ಟಿ ಹಾಲು 700 ಗ್ರಾಂ (ಕಾಯಿಸಿ 600 ಗ್ರಾಂಗೆ ಇಳಿಸೋಕೆ)
- 35% ಕೊಬ್ಬಿರೋ ಕ್ರೀಮ್ 250 ಗ್ರಾಂ
- ಸಕ್ಕರೆ 150 ಗ್ರಾಂ
- ಒಂದು ಚಿಟಿಕೆ ಉಪ್ಪು

ದಯವಿಟ್ಟು ತೂಕದ ಮಷಿನ್ ಇಟ್ಕೊಳಿ, ಕಪ್ ಲೆಕ್ಕ ಬೇಡ. ಸಕ್ಕರೆ ಹರಳು ಸಣ್ಣದಾ ದಪ್ಪದಾ, ಕಪ್ಪನ್ನ ತಟ್ಟಿ ತುಂಬಿದ್ರಾ ಹಾಗೇ ತುಂಬಿದ್ರಾ ಅನ್ನೋದರ ಮೇಲೆ ಒಂದು ಕಪ್ಪಲ್ಲೇ ಎಷ್ಟೋ ಗ್ರಾಂ ಹೆಚ್ಚುಕಮ್ಮಿ ಬರತ್ತೆ. ಬೇರೆ ಅಡಿಗೇಲಾದ್ರೆ ಹೋಗ್ಲಿ ಬಿಡಿ ಅನ್ನಬಹುದು, ಇಲ್ಲಿ ಇಪ್ಪತ್ತು ಮೂವತ್ತು ಗ್ರಾಂ ಸಕ್ಕರೆ ಆಚೀಚೆ ಆದ್ರೂ ಚಮಚಕ್ಕೆ ಗೊತ್ತಾಗ್ಬಿಡತ್ತೆ.

ಕ್ರೀಮ್ ಪ್ಯಾಕೆಟ್ ಮೇಲೆ ಕೊಬ್ಬಿನ ಪ್ರಮಾಣ ಬರೆದಿರತ್ತೆ, ಅದನ್ನ ಓದಿ. 25% ಕ್ರೀಮ್ ಸಿಕ್ಕಿದ್ರೆ 350 ಗ್ರಾಂ ಕ್ರೀಮ್ ತಗೊಂಡು, ಹಾಲನ್ನ 500 ಗ್ರಾಂಗೆ ಇಳಿಸಿ, ಕೊಬ್ಬಿನ ಲೆಕ್ಕ ಹೆಚ್ಚುಕಮ್ಮಿ ಅದೇ ಆಗತ್ತೆ. ಸಿಹಿ ಸೇರಿಸಿರೋ ವಿಪ್ಪಿಂಗ್ ಕ್ರೀಮ್ ಮಾತ್ರ ತಗೋಬೇಡಿ, ಅದರಲ್ಲಿ ಎಷ್ಟು ಸಕ್ಕರೆ ಇದೆ ಅಂತ ನಮ್ಮ ಲೆಕ್ಕಕ್ಕೆ ಸಿಗಲ್ಲ.

ಬೇಸ್ ಮಾಡೋದು

ದಪ್ಪ ತಳದ ಪಾತ್ರೇನ ಖಾಲಿ ಇರೋವಾಗ್ಲೇ ತೂಗಿ ಒಂದು ಕಡೆ ಬರೆದಿಡಿ. ಆಮೇಲೆ ಹಾಲು ಹಾಕಿ ಸಣ್ಣ ಉರೀಲಿ ಕಾಯಿಸಿ, ತಳ ಹಿಡೀದ ಹಾಗೆ ಸೌಟಾಡಿಸ್ತಾ ಇರಿ. 700 ಗ್ರಾಂ ಹಾಲು 600 ಆಗೋವರೆಗೆ ಆವಿಯಾಗಬೇಕು, ಮಧ್ಯ ಮಧ್ಯ ಪಾತ್ರೆ ಸಮೇತ ತೂಗಿ ನೋಡಿ. ಈ ನೂರು ಗ್ರಾಂ ಯಾಕೆ ಓಡಿಸ್ತೀವಿ ಅಂದ್ರೆ ಹೋಗೋದು ಬರೀ ನೀರು, ಹಾಲಿನ ಪ್ರೋಟೀನು, ಲ್ಯಾಕ್ಟೋಸ್ ಎಲ್ಲಾ ಪಾತ್ರೇಲೇ ಉಳಿಯತ್ತೆ. ನೀರು ಕಮ್ಮಿ ಆದಷ್ಟೂ ಐಸ್ ಕಮ್ಮಿ. ಜೊತೆಗೆ ಹಾಲು ಬಿಸಿಯಲ್ಲಿ ಸ್ವಲ್ಪ ಹೊತ್ತು ಇದ್ರೆ ಅದರ ಪ್ರೋಟೀನು ಬಿಚ್ಕೊಂಡು ನೀರನ್ನ ಚೆನ್ನಾಗಿ ಹಿಡ್ಕೊಳ್ಳತ್ತೆ, ಬೇಸ್ ಮಂದ ಆಗತ್ತೆ. ಇಷ್ಟೆಲ್ಲಾ ತಾಳ್ಮೆ ಇಲ್ಲ ಅಂದ್ರೆ ಹಾಲನ್ನ ಇಳಿಸದೇ 600 ಗ್ರಾಂ ಹಾಗೇ ಹಾಕಿ ಒಂದೆರಡು ಚಮಚ ಹಾಲಿನ ಪುಡಿ ಕದಡಿ, ನಡಿಯತ್ತೆ.

ಉರಿ ಆರಿಸಿ ಸಕ್ಕರೆ, ಉಪ್ಪು ಹಾಕಿ ಪೂರ್ತಿ ಕರಗೋವರೆಗೆ ತಿರುಗಿಸಿ. ತಳದಲ್ಲಿ ಚಮಚ ಉಜ್ಜಿದ್ರೆ ಕರಕರ ಅನ್ನಬಾರದು. ಕರಗದೇ ಉಳಿದ ಸಕ್ಕರೆ ಐಸ್ ತಡೆಯೋ ಕೆಲಸಕ್ಕೆ ಲೆಕ್ಕಕ್ಕಿಲ್ಲ, ಅದು ಬರೀ ಹಲ್ಲಿಗೆ ಸಿಗತ್ತೆ ಅಷ್ಟೇ. ಈಗ ಕ್ರೀಮ್ ಸೇರಿಸಿ ಹದವಾಗಿ ಕದಡಿ, ಜರಡೀಲಿ ಸೋಸಿ. ಪಾತ್ರೇನ ಐಸ್ ನೀರಲ್ಲಿ ಇಟ್ಟು ಬೇಗ ತಣ್ಣಗೆ ಮಾಡಿ, ಮುಚ್ಚಿ ಫ್ರಿಜ್ಜಲ್ಲಿ (ಫ್ರೀಜರಲ್ಲಲ್ಲ) ಕಮ್ಮಿ ಅಂದ್ರೂ ನಾಲ್ಕು ಗಂಟೆ, ಆದ್ರೆ ರಾತ್ರಿಯಿಡೀ ಬಿಡಿ. ಈ ಹಂತ ಹಾರಿಸೋಕೆ ಎಲ್ರಿಗೂ ಆಸೆ ಇರತ್ತೆ, ನನಗೂ ಇತ್ತು, ಒಂದೆರಡು ಸಲ ಹಾರಿಸಿ ಆಮೇಲೆ ಬುದ್ಧಿ ಬಂತು. ತಣ್ಣಗಿದ್ದಾಗ ಕ್ರೀಮಿನ ಕೊಬ್ಬು ಗಟ್ಟಿಯಾಗ್ತಾ ಬರತ್ತೆ, ಆಗ್ಲೇ ಅದು ಕಡೆಯೋವಾಗ ಗಾಳಿ ಹಿಡ್ಕೊಳ್ಳೋದು. ಉಗುರುಬೆಚ್ಚಗಿನ ಬೇಸನ್ನ ಫ್ರೀಜ್ ಮಾಡೋಕೆ ಹೊರಟ್ರೆ ಗಟ್ಟಿಯಾಗೋಕೆ ತುಂಬ ಹೊತ್ತು ಹಿಡಿದು ಹರಳು ದಪ್ಪ ಆಗತ್ತೆ.

ಈ ಹಂತದಲ್ಲಿ ಒಂದು ಚಮಚ ರುಚಿ ನೋಡಿ. ಸ್ವಲ್ಪ ಅತಿ ಸಿಹಿ ಅನ್ನಿಸಬೇಕು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗತ್ತೆ, ಹಾಗಾಗಿ ಬೇಸ್ ಕುಡಿದಾಗ ಸರಿಯಾಗಿದೆ ಅನ್ನಿಸಿದ್ರೆ ಐಸ್ ಕ್ರೀಮ್ ಆದ್ಮೇಲೆ ಸಪ್ಪೆ. ನಾನು ಮೊದಲ್ನೇ ಸಲ ಎಡವಿದ್ದು ಇಲ್ಲೇ.

ಫ್ರೀಜ್ ಮಾಡೋದು

ಐಸ್ ಕ್ರೀಮ್ ಮಷಿನ್ ಇದ್ರೆ ಅದರಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ. ಕೋನ್‌ನಲ್ಲಿ ಸುತ್ತಿ ಕೊಡೋ ಸಾಫ್ಟಿ ಹದಕ್ಕೆ ಬಂದಾಗ ನಿಲ್ಸಿ, ಆಗ ಅದು ಸುಮಾರು ಮೈನಸ್ 5, 6 ಡಿಗ್ರೀಲಿ ಇರತ್ತೆ. ಇನ್ನೂ ಗಟ್ಟಿಯಾಗ್ಲಿ ಅಂತ ಓಡಿಸ್ತಾ ಹೋದ್ರೆ ಬೆಣ್ಣೆ ಕಾಳು ಏಳೋಕೆ ಶುರುವಾಗತ್ತೆ, ತಿಂದ್ರೆ ಅಂಗುಳಕ್ಕೆ ಜಿಡ್ಡು ಮೆತ್ಕೊಳ್ಳತ್ತೆ.

ಮಷಿನ್ ಇಲ್ಲ ಅಂದ್ರೆ ಅಗಲವಾದ ಸ್ಟೀಲ್ ಪಾತ್ರೇನ ಫ್ರೀಜರಲ್ಲಿಟ್ಟು ಮೊದಲೇ ತಣ್ಣಗೆ ಮಾಡ್ಕೊಳಿ. ತಣ್ಣನೆ ಬೇಸನ್ನ ಅದಕ್ಕೆ ತೆಳ್ಳಗೆ ಸುರಿದು ಮುಕ್ಕಾಲು ಗಂಟೆ ಇಡಿ, ಅಂಚಲ್ಲಿ ಗಟ್ಟಿಯಾಗಿ ಮಧ್ಯ ನೀರಾಗಿರೋವಾಗ ತೆಗೆದು ಬೀಟರ್‌ನಿಂದ ಅಂಚಿನ ಐಸ್ ಎಲ್ಲಾ ಒಡೆಯೋ ಹಾಗೆ ಕಡೀರಿ. ಅರ್ಧ ಗಂಟೆಗೊಂದು ಸಲ ಹೀಗೆ ಮೂರ್ನಾಲ್ಕು ಸಲ ಮಾಡಿ. ಮಷಿನ್‌ನಷ್ಟು ನುಣುಪು ಬರಲ್ಲ, ಆದ್ರೆ ಸಕ್ಕರೆ ಲೆಕ್ಕ ಸರಿಯಿದ್ರೆ ಸ್ಕೂಪ್ ಆಗೋದಕ್ಕೇನೂ ತೊಂದ್ರೆ ಇಲ್ಲ.

ಕಡೆದಿದ್ದನ್ನ ಎತ್ತರದ ಡಬ್ಬಕ್ಕಿಂತ ತಗ್ಗಾದ ಅಗಲ ಡಬ್ಬಕ್ಕೆ ಹಾಕಿ, ಮೇಲ್ಮೈಗೆ ತಾಗೋ ಹಾಗೆ ಬಟರ್ ಪೇಪರ್ ಅಂಟಿಸಿ ಮುಚ್ಚಳ ಹಾಕಿ ಫ್ರೀಜರಿನ ಒಳಬದೀಗೆ ಇಡಿ. ಬಾಗಿಲ ಹತ್ರ ಬೇಡ, ಬಾಗಿಲು ತೆಗೆದಾಗೆಲ್ಲಾ ಅಲ್ಲಿ ಬಿಸಿ ಗಾಳಿ ಹೊಡಿಯತ್ತೆ.

ಸಕ್ಕರೆ ಒಳಗೆ ಮಾಡೋದೇನು

ಸಕ್ಕರೆ ಪಾಕ ಮಾಡಿದೀರಲ್ಲ? ಒಲೆ ಮೇಲೆ ಕುದೀತಾ ನೀರು ಆವಿಯಾಗಿ ಹೋಗತ್ತೆ, ಉಳಿದ ಪಾಕ ಗಟ್ಟಿಯಾಗ್ತಾ ಎಳೆ ಬರತ್ತೆ. ಫ್ರೀಜರಲ್ಲೂ ಆಗೋದು ಅದೇ, ಆದ್ರೆ ಇಲ್ಲಿ ನೀರು ಆವಿಯಾಗಿ ಹೋಗೋ ಬದಲು ಐಸ್ ಆಗಿ ಬೇರೆ ಹೋಗತ್ತೆ. ಐಸ್ ಹರಳಿನೊಳಗೆ ಸಕ್ಕರೆಗೆ ಜಾಗ ಇಲ್ಲ. ನೀರು ಮಾತ್ರ ಹರಳು ಕಟ್ಟತ್ತೆ, ಸಕ್ಕರೆಯೆಲ್ಲಾ ಉಳಿದ ನೀರಿಗೆ ದೂಡಿಸ್ಕೊಳ್ಳತ್ತೆ. ಆ ಉಳಿದ ನೀರು ಪಾಕ ಆಗ್ತಾ ಹೋಗತ್ತೆ, ಪಾಕ ಗಟ್ಟಿಯಾದಷ್ಟೂ ಅದನ್ನ ಹೆಪ್ಪುಗಟ್ಟಿಸೋಕೆ ಇನ್ನೂ ಹೆಚ್ಚು ಚಳಿ ಬೇಕು. ಹೀಗೆ ಹೋಗಿ ಹೋಗಿ ಫ್ರೀಜರಿನ ಚಳಿಗೂ ಪಾಕದ ಗಟ್ಟಿತನಕ್ಕೂ ಒಂದು ಕಡೆ ಸಮ ಆಗತ್ತೆ, ಅಲ್ಲಿಂದ ಮುಂದೆ ಹೊಸ ಐಸ್ ಕಟ್ಟಲ್ಲ.

ಅಂದ್ರೆ ಐಸ್ ಕ್ರೀಮ್ ಅನ್ನೋದು ಸಣ್ಣ ಸಣ್ಣ ಐಸ್ ಹರಳು, ಗಾಳಿ ಗುಳ್ಳೆ, ಕೊಬ್ಬಿನ ಕಣ, ಇವೆಲ್ಲದರ ನಡುವೆ ಹೆಪ್ಪುಗಟ್ಟದೇ ಉಳಿದ ಒಂದು ಗಟ್ಟಿ ಪಾಕ. ಸ್ಕೂಪ್ ಒತ್ತಿದಾಗ ಹರಳುಗಳು ಒಂದರ ಮೇಲೊಂದು ಜಾರೋದು ಈ ಪಾಕದ ದೆಸೆಯಿಂದ. ಪಾಕ ಸಾಲದೇ ಹೋದ್ರೆ ಹರಳಿಗೆ ಹರಳು ಅಂಟಿ ಇಡೀ ಡಬ್ಬ ಒಂದೇ ಗಡ್ಡೆ.

ಎಷ್ಟು ಪಾಕ ಉಳಿಯತ್ತೆ ಅಂತ ಲೆಕ್ಕ ಹಾಕೋಕೆ ನೆನಪಿಟ್ಕೋಬೇಕಾದ್ದು ಒಂದೇ ಅಂಕಿ. ನಾವು ಬಳಸೋ ಮಾಮೂಲಿ ಸಕ್ಕರೆಯ ಪಾಕ ಮೈನಸ್ 14 ಡಿಗ್ರೀಲಿ ಸಮಕ್ಕೆ ಬರೋದು ನೂರಕ್ಕೆ ಸುಮಾರು 62 ಭಾಗ ಸಕ್ಕರೆ, 38 ಭಾಗ ನೀರು ಇದ್ದಾಗ. ಅಂದ್ರೆ ಆ ಚಳೀಲಿ ಪ್ರತಿ 100 ಗ್ರಾಂ ಸಕ್ಕರೆ ಸುಮಾರು 60 ಗ್ರಾಂ ನೀರನ್ನ ಐಸ್ ಆಗದ ಹಾಗೆ ಕಾಪಾಡ್ಕೊಳ್ಳತ್ತೆ. ಮೈನಸ್ 14 ಯಾಕೆ ಅಂದ್ರೆ ಸ್ಕೂಪ್ ಮಾಡೋಕೆ ಹಿತವಾದ ಚಳಿ ಅದರ ಆಸುಪಾಸೇ. ಮನೆ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ಕ್ಕೆ ಸೆಟ್ ಆಗಿರತ್ತೆ, ಅಲ್ಲಿ ಉಳಿಯೋ ನೀರು ಇನ್ನೂ ಸ್ವಲ್ಪ ಕಮ್ಮಿ.

ಈಗ ನಮ್ಮ ಬೇಸ್‌ಗೆ ಬರೋಣ. ಇಳಿಸಿದ ಹಾಲು 600, ಕ್ರೀಮ್ 250, ಎರಡೂ ಸೇರಿ ಅದರಲ್ಲಿ ನೀರು ಸುಮಾರು 660 ಗ್ರಾಂ. ಅದಕ್ಕೆ 100 ಗ್ರಾಂ ಸಕ್ಕರೆ ಹಾಕಿದ್ರೆ ಮೈನಸ್ 14ರಲ್ಲಿ ಆ ಸಕ್ಕರೆ ಕಾಪಾಡೋದು 60 ಗ್ರಾಂ ನೀರು, ಅಂದ್ರೆ ಇದ್ದ ನೀರಲ್ಲಿ ನೂರಕ್ಕೆ ಒಂಬತ್ತು ಭಾಗ. 150 ಹಾಕಿದ್ರೆ 90 ಗ್ರಾಂ, ನೂರಕ್ಕೆ ಹದಿನಾಲ್ಕರ ಹತ್ರ. 200 ಹಾಕಿದ್ರೆ 120 ಗ್ರಾಂ, ನೂರಕ್ಕೆ ಹದಿನೆಂಟು. ಹಾಲಿನ ಲ್ಯಾಕ್ಟೋಸು, ಲವಣಗಳು ತಮ್ಮ ಪಾಲಿಗೆ ಇನ್ನೊಂದಿಷ್ಟು ನೀರು ಹಿಡ್ಕೊಂಡಿರತ್ತೆ, ಅದು ಮೂರರಲ್ಲೂ ಒಂದೇ ತರ ಇರೋದ್ರಿಂದ ಸದ್ಯಕ್ಕೆ ಬದಿಗಿಡೋಣ. ನೋಡಿ, ಬರೀ 50 ಗ್ರಾಂ ಸಕ್ಕರೆಗೆ ಪಾಕದ ನೀರು ಅರ್ಧದಷ್ಟು ಜಾಸ್ತಿ ಆಯ್ತು, ಐಸ್ ಕ್ರೀಮ್ ಮೆತ್ತಗಾಗೋ ಗುಟ್ಟು ಇಷ್ಟೇ.

ಇಲ್ಲಿ ಒಂದು ವಿಷಯ ಜನ ತಪ್ಪು ತಿಳ್ಕೊಂಡಿರ್ತಾರೆ. ಸಕ್ಕರೆ ಹಾಕಿದ್ರೆ ಬೇಸ್ ಹೆಪ್ಪುಗಟ್ಟೋಕೆ ಶುರುವಾಗೋ ಡಿಗ್ರಿ ಕೆಳಗೆ ಹೋಗತ್ತೆ ಅಂತ ಎಲ್ಲಾ ಕಡೆ ಓದಿರ್ತೀರಿ. ನಿಜ, ಆದ್ರೆ ಅದು ತೀರಾ ಕಮ್ಮಿ. ಈ ಮೂರು ಬೇಸ್‌ಗಳು ಹೆಪ್ಪುಗಟ್ಟೋಕೆ ಶುರು ಮಾಡೋದು ಸುಮಾರು ಮೈನಸ್ ಒಂದೂವರೆ, ಮೈನಸ್ ಎರಡು, ಮೈನಸ್ ಎರಡೂವರೆ ಡಿಗ್ರೀಲಿ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಮೈನಸ್ 18ರ ಫ್ರೀಜರ್ ಕ್ಯಾರೇ ಅನ್ನಲ್ಲ. ಆಟ ಇರೋದು ಶುರುವಲ್ಲಲ್ಲ, ಕೊನೇಲಿ ಎಷ್ಟು ಪಾಕ ಉಳೀತು ಅನ್ನೋದರಲ್ಲಿ.

ಮೂರು ಡಬ್ಬದ ಪರೀಕ್ಷೆ

ನನ್ನ ಮಾತು ನಂಬೋದು ಬೇಡ, ನೀವೇ ಒಂದು ಸಲ ಮಾಡಿ ನೋಡಿ, ಒಂದೇ ಬೇಸಲ್ಲಿ ಆಗತ್ತೆ. ಮೇಲಿನ ಅಳತೇಲೇ ಬೇಸ್ ಮಾಡಿ, ಆದ್ರೆ ಸಕ್ಕರೆ 100 ಗ್ರಾಂ ಮಾತ್ರ ಹಾಕಿ. ಒಟ್ಟು ಸುಮಾರು 950 ಗ್ರಾಂ ಆಗತ್ತೆ. ಬೆಚ್ಚಗಿರೋವಾಗ್ಲೇ ಮೂರು ಸಮಪಾಲು ಮಾಡಿ, ಒಂದೊಂದು ಹೆಚ್ಚುಕಮ್ಮಿ 316 ಗ್ರಾಂ. ಒಂದನೇದಕ್ಕೆ ಏನೂ ಹಾಕ್ಬೇಡಿ. ಎರಡನೇದಕ್ಕೆ 17 ಗ್ರಾಂ ಸಕ್ಕರೆ, ಮೂರನೇದಕ್ಕೆ 33 ಗ್ರಾಂ ಸಕ್ಕರೆ ಹಾಕಿ ಕರಗಿಸಿ. ಈಗ ಮೂರೂ ಪೂರ್ತಿ ಅಳತೆಯ 100, 150, 200ಕ್ಕೆ ಸಮ ಆಯ್ತು. ಒಂದೇ ತರದ ಮೂರು ಡಬ್ಬ, ಅಷ್ಟೇ ಸಲ ಕಡೆಯೋದು, ಫ್ರೀಜರಿನ ಒಂದೇ ಅಂತಸ್ತು. ಡಬ್ಬದ ಮೇಲೆ ಬರೆಯೋದು ಮರೀಬೇಡಿ, ಹೆಪ್ಪುಗಟ್ಟಿದ್ಮೇಲೆ ಮೂರೂ ನೋಡೋಕೆ ಒಂದೇ ತರ ಬೆಳ್ಳಗಿರತ್ತೆ.

ನಾನು ಮಾಡಿದಾಗ ಮಾರನೇ ದಿನ ಹೀಗಾಯ್ತು. 100ರ ಡಬ್ಬ ಹೊರಗೆ ತೆಗೆದ ತಕ್ಷಣ ಚಮಚ ಇಳೀಲೇ ಇಲ್ಲ, ಬೆರಳಿಂದ ತಟ್ಟಿದ್ರೆ ಟಕ್ ಅಂತ ಸದ್ದು. ಕಾಲು ಗಂಟೆ ಹೊರಗಿಟ್ಟ ಮೇಲೆ ಅಂಚಲ್ಲಿ ಕರಗೋಕೆ ಶುರುವಾಯ್ತು, ಮಧ್ಯ ಇನ್ನೂ ಗಟ್ಟಿ, ಸ್ಕೂಪ್ ಮಾಡಿದ್ರೆ ಉಂಡೆ ಬರದೇ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. 150ರದ್ದು ತೆಗೆದ ತಕ್ಷಣ ಗಟ್ಟೀನೇ, ಒತ್ತಿದ್ರೆ ಸ್ವಲ್ಪ ಇಳೀತು. ಐದಾರು ನಿಮಿಷಕ್ಕೆ ಸ್ಕೂಪ್ ಎಳೆದ್ರೆ ಅಂಚು ಸುರುಳಿ ಸುತ್ಕೊಂಡು ಬಂತು, ನಂಗೆ ಬೇಕಾಗಿದ್ದು ಅದೇ. 200ರದ್ದು ಫ್ರೀಜರಿಂದ ನೇರ ತೆಗೆದು ಸ್ಕೂಪ್ ಮಾಡಬಹುದಿತ್ತು, ಬಟ್ಟಲಿಗೆ ಹಾಕಿ ನಾಲ್ಕು ಮಾತಾಡೋಷ್ಟರಲ್ಲಿ ಸುತ್ತ ಹಾಲು ನಿಂತಿತ್ತು, ಸಿಹಿಯಂತೂ ಗಂಟಲು ಹಿಡಿಯೋ ಹಾಗಿತ್ತು. ಮನೇಲಿ ಮಕ್ಕಳಿಗೆ ಮಾತ್ರ ಅದೇ ಇಷ್ಟ ಆಯ್ತು, ಅದು ಬೇರೆ ವಿಷಯ.

ಹೊರಗಿಟ್ರೆ ಮೆತ್ತಗಾಗೋದೂ ಅದೇ ಪಾಕದ ಲೆಕ್ಕವೇ. ಚಳಿ ಮೈನಸ್ 7, 8 ಡಿಗ್ರಿಗೆ ಏರಿದ್ರೆ ಸಕ್ಕರೆ ನೀರು ಅರ್ಧಕ್ಕರ್ಧ ಇದ್ದಾಗ್ಲೇ ಪಾಕ ಸಮಕ್ಕೆ ಬರತ್ತೆ, ಅಂದ್ರೆ 100 ಗ್ರಾಂ ಸಕ್ಕರೆಗೆ 60 ಅಲ್ಲ, 100 ಗ್ರಾಂ ನೀರು. ಹಾಗಾಗಿ ಸಕ್ಕರೆ ಕಮ್ಮಿ ಇರೋ ಐಸ್ ಕ್ರೀಮನ್ನ ಹೆಚ್ಚು ಹೊತ್ತು ಹೊರಗಿಟ್ಟು ಸರಿದೂಗಿಸಬಹುದು. ತೊಂದ್ರೆ ಏನಂದ್ರೆ ಡಬ್ಬದ ಹೊರಗಿನ ಭಾಗ ಮೊದಲು ಬೆಚ್ಚಗಾಗತ್ತೆ, ಮಧ್ಯ ಸರಿ ಹೋಗೋಷ್ಟರಲ್ಲಿ ಅಂಚು ನೀರಾಗಿರತ್ತೆ. ಆ ನೀರನ್ನೇ ವಾಪಸ್ ಫ್ರೀಜರಿಗೆ ಇಟ್ರೆ ಮುಂದಿನ ಸಲ ಅಂಚಲ್ಲಿ ದಪ್ಪ ಹರಳು. ಹೊರಗಿಡೋ ಬದಲು ಡಬ್ಬವನ್ನ ಫ್ರೀಜರಿಂದ ಫ್ರಿಜ್ಜಿಗೆ ಇಳಿಸಿ ಅರ್ಧ ಗಂಟೆ ಬಿಡೋದು ವಾಸಿ, ನಿಧಾನಕ್ಕೆ ಒಂದೇ ಸಮ ಮೆತ್ತಗಾಗತ್ತೆ.

ಎಷ್ಟು ಹಾಕೋದು ಸರಿ

ಈ ಬೇಸ್‌ಗೆ ನಾನು 140ರಿಂದ 170 ಗ್ರಾಂ ಒಳಗೆ ಇರ್ತೀನಿ. ಫ್ರೀಜರ್ ತುಂಬ ಚಳಿ ಇದ್ರೆ, ಇಲ್ಲ ಕೈಲಿ ಕಡೆದಿದ್ರೆ ಮೇಲಿನ ತುದಿ. ಕೈಲಿ ಕಡೆದ ಐಸ್ ಕ್ರೀಮಲ್ಲಿ ಗಾಳಿ ಕಮ್ಮಿ, ಗಾಳಿ ಕಮ್ಮಿ ಆದಷ್ಟೂ ಗಟ್ಟಿ, ಅದಕ್ಕೇ ಒಂದಿಷ್ಟು ಸಕ್ಕರೆ ಜಾಸ್ತಿ ಬೇಕು. 120ಕ್ಕಿಂತ ಕೆಳಗೆ ಹೋದ್ರೆ ತಿನ್ನೋಕೆ ಮುಂಚೆ ಕಾಯೋ ತಾಳ್ಮೆ ಇರಬೇಕು. 200 ದಾಟಿದ್ರೆ ಡಬ್ಬ ಪೂರ್ತಿ ಗಟ್ಟಿಯಾಗೋದೇ ಇಲ್ಲ ಅನ್ನೋ ಹಾಗಿರತ್ತೆ, ಇನ್ನೂ ಮೇಲೆ ಹೋದ್ರೆ ತಳದಲ್ಲಿ ಪಾಕ ಇಳಿದು ನಿಲ್ಲೋದೂ ಉಂಟು. ಜಾಸ್ತಿ ಪಾಕಕ್ಕೆ ಇನ್ನೊಂದು ಕಾಟ: ಫ್ರೀಜರಿನ ಚಳಿ ಸ್ವಲ್ಪ ಏರಿಳಿದ್ರೂ ಸಣ್ಣ ಹರಳು ಕರಗಿ ಆ ನೀರು ದೊಡ್ಡ ಹರಳಿಗೆ ಹೋಗಿ ಅಂಟತ್ತೆ, ಮೆತ್ತಗಿರೋ ಐಸ್ ಕ್ರೀಮಲ್ಲಿ ಇದು ಬೇಗ ಆಗತ್ತೆ. ಅದಕ್ಕೇ ಅತಿ ಸಿಹಿ ಐಸ್ ಕ್ರೀಮ್ ಮೊದಲ್ನೇ ದಿನ ಬೆಣ್ಣೆ ತರ ಇದ್ದು ಒಂದೆರಡು ವಾರಕ್ಕೆ ಒರಟಾಗಿಬಿಡೋದು.

ಸಿಹಿ ಬೇಡ, ಮೆತ್ತಗೆ ಮಾತ್ರ ಬೇಕು ಅನ್ನೋರಿಗೆ ಒಂದು ದಾರಿ ಇದೆ, ಡೆಕ್ಸ್‌ಟ್ರೋಸ್, ಅಂದ್ರೆ ಸಾದಾ ಗ್ಲೂಕೋಸ್ ಪುಡಿ. ಬೇರೆ ಫ್ಲೇವರ್, ಲವಣ ಏನೂ ಸೇರಿಸಿರದೇ ಇರೋದು ಬೇಕು. ಇದರ ಅಣು ಸಕ್ಕರೆ ಅಣುವಿನ ಸುಮಾರು ಅರ್ಧ ತೂಕದ್ದು, ಹಾಗಾಗಿ ಅಷ್ಟೇ ಗ್ರಾಂನಲ್ಲಿ ಅಣುಗಳು ಜಾಸ್ತಿ, ಐಸ್ ತಡೆಯೋ ಶಕ್ತೀನೂ ಜಾಸ್ತಿ. ಅಂಗಡೀಲಿ ಸಿಗೋ ಪುಡೀಲಿ ಸ್ವಲ್ಪ ನೀರಿನಂಶಾನೂ ಸೇರಿರತ್ತೆ, ಅದನ್ನ ಕಳೆದ್ರೂ ಮಾಮೂಲಿ ಸಕ್ಕರೆಯ ಒಂದೂಮುಕ್ಕಾಲು ಪಟ್ಟು ಅಂತ ಇಟ್ಕೊಳಿ. ಸಿಹಿ ಮಾತ್ರ ಸಕ್ಕರೆಯ ಮೂರರಲ್ಲಿ ಎರಡು ಪಾಲು. ಲೆಕ್ಕ ಮಾಡಿ ನೋಡೋಣ: 150ರಲ್ಲಿ 40 ಗ್ರಾಂ ಸಕ್ಕರೆ ತೆಗೆದು ಅಲ್ಲಿಗೆ 40 ಗ್ರಾಂ ಡೆಕ್ಸ್‌ಟ್ರೋಸ್ ಹಾಕಿದ್ವಿ ಅಂದ್ಕೊಳಿ. ಮೆತ್ತಗಾಗೋ ಲೆಕ್ಕದಲ್ಲಿ 110 ಮತ್ತು 70, ಒಟ್ಟು 180 ಗ್ರಾಂ ಸಕ್ಕರೆ ಹಾಕಿದಷ್ಟಾಯ್ತು. ಸಿಹಿ ಲೆಕ್ಕದಲ್ಲಿ 110 ಮತ್ತು ಸುಮಾರು 27, ಬರೀ 137. 150ರದ್ದಕ್ಕಿಂತ ಸಿಹಿ ಕಮ್ಮಿ, ಆದ್ರೆ ಇನ್ನೂ ಮೆತ್ತಗೆ. ಇದಕ್ಕಿಂತ ಜಾಸ್ತಿ ಬದಲಾಯಿಸೋಕೆ ಹೋಗ್ಬೇಡಿ, ಡಬ್ಬ ನಿಲ್ಲಲ್ಲ. ಜೇನುತುಪ್ಪಾನೂ ಇದೇ ದಿಕ್ಕಲ್ಲಿ ಕೆಲಸ ಮಾಡತ್ತೆ, ಆದ್ರೆ ಎಲ್ಲಾ ಐಸ್ ಕ್ರೀಮೂ ಜೇನಿನ ರುಚೀನೇ ಬರತ್ತೆ.

ಶುಗರ್ ಫ್ರೀ ಮಾತ್ರೆ, ಸ್ಟೀವಿಯಾ ತರದ್ದು ಹಾಕಿ ಸಕ್ಕರೆ ಪೂರ್ತಿ ಬಿಟ್ಟೆ ಅನ್ನೋರಿಗೆ ಮೊದಲೇ ಹೇಳ್ತೀನಿ, ಕಲ್ಲಾಗತ್ತೆ. ಅದು ಚಿಟಿಕೆಯಷ್ಟಕ್ಕೇ ಸಿಹಿ ಕೊಡತ್ತೆ, ನೀರು ಹಿಡಿಯೋಕೆ ಆ ಚಿಟಿಕೆ ಎಲ್ಲಿ ಸಾಲತ್ತೆ.

ಬೇರೆ ಏನಾದ್ರೂ ಸೇರಿಸಿದ್ರೆ ಲೆಕ್ಕ ತಪ್ಪತ್ತೆ

ಹಣ್ಣಿನ ರಸ ಸೇರಿಸೋವಾಗ ಜನ ಹಣ್ಣಲ್ಲೇ ಸಿಹಿ ಇದೆಯಲ್ಲ ಅಂತ ಸಕ್ಕರೆ ಕಮ್ಮಿ ಮಾಡ್ತಾರೆ, ಇಲ್ಲೇ ಎಡವಟ್ಟು. 200 ಗ್ರಾಂ ಹಣ್ಣಿನ ತಿರುಳಲ್ಲಿ ನೂರಕ್ಕೆ 85 ಭಾಗ ನೀರಿದೆ ಅಂದ್ಕೊಳಿ, ಬೇಸ್‌ಗೆ 170 ಗ್ರಾಂ ನೀರು ಸೇರಿತು, ಸಕ್ಕರೆ ಸೇರಿದ್ದು ಮೂವತ್ತು ಗ್ರಾಂ ಒಳಗೇ. 660 ಗ್ರಾಂ ನೀರಿಗೆ 150 ಗ್ರಾಂ ಸಕ್ಕರೆ ಅನ್ನೋ ಲೆಕ್ಕದಲ್ಲಿ 170 ಗ್ರಾಂ ನೀರಿಗೆ ಸುಮಾರು 39 ಗ್ರಾಂ ಬೇಕಾಗಿತ್ತು. ಅಂದ್ರೆ ಕಮ್ಮಿ ಮಾಡೋದಿರಲಿ, ಇನ್ನೊಂದು ಹತ್ತು ಗ್ರಾಂ ಮೇಲೆ ಹಾಕ್ಬೇಕು. ಇಲ್ಲಾಂದ್ರೆ ತಿರುಳನ್ನ ಒಲೆ ಮೇಲೆ ಇಟ್ಟು ಅರ್ಧಕ್ಕೆ ಇಳಿಸಿ ಹಾಕಿ, ರುಚೀನೂ ಗಟ್ಟಿಯಾಗತ್ತೆ.

ಕಂಡೆನ್ಸ್ಡ್ ಮಿಲ್ಕ್ ಇದಕ್ಕೆ ತದ್ವಿರುದ್ಧ. ಅದರಲ್ಲಿ ಸಕ್ಕರೇನೇ ನೂರಕ್ಕೆ 45ರಷ್ಟಿರತ್ತೆ, 200 ಗ್ರಾಂ ಹಾಕಿದ್ರೆ 90 ಗ್ರಾಂ ಸಕ್ಕರೆ ಆಗ್ಲೇ ಒಳಗೆ ಹೋಯ್ತು, ಮೇಲಿಂದ ಹಾಕೋದು 60 ಗ್ರಾಂ ಸಾಕು. ಕೋಕೋ ಪುಡಿ ಹಾಕಿದ್ರೆ ಅದು ನೀರು ಹೀರ್ಕೊಂಡು ಗಟ್ಟಿ ಮಾಡತ್ತೆ, ಕಹೀನೂ ಇರತ್ತೆ, ಅದಕ್ಕೆ ಹದಿನೈದು ಇಪ್ಪತ್ತು ಗ್ರಾಂ ಸಕ್ಕರೆ ಜಾಸ್ತಿ ಹಾಕಿ.

ಕೆಟ್ಟಿದ್ದು ಏನು ಅಂತ ಗುರುತಿಸೋದು

ಗಟ್ಟಿಯಾಗೋದು ಬೇರೆ, ಒರಟಾಗೋದು ಬೇರೆ, ಎರಡಕ್ಕೂ ಮದ್ದು ಒಂದೇ ಅಲ್ಲ. ಒಂದು ಚೂರು ಕಿತ್ತು ನಾಲಿಗೆ ಮೇಲೆ ಇಟ್ಟು ಕಚ್ಚದೇ ಸುಮ್ನಿರಿ. ಕರಗ್ತಾ ನುಣ್ಣಗೆ ಇದ್ರೆ ಹರಳು ಸಣ್ಣದೇ ಇದೆ, ಕೊರತೆ ಇರೋದು ಪಾಕದಲ್ಲಿ, ಅಂದ್ರೆ ಸಕ್ಕರೆ ಸಾಲದು ಅಥವಾ ಫ್ರೀಜರ್ ಅತಿ ಚಳಿ. ಮರಳಿನ ತರ ಕಾಳು ಸಿಕ್ಕಿ ಆ ಕಾಳು ತಣ್ಣಗೆ ಕರಗಿ ನೀರಾದ್ರೆ ಅದು ಐಸ್ ಹರಳು, ಫ್ರೀಜ್ ಆಗೋಕೆ ಹೊತ್ತು ಹಿಡಿದಿದೆ ಅಥವಾ ಕಡೆದಿದ್ದು ಸಾಲದು, ಇದಕ್ಕೆ ಸಕ್ಕರೆ ಸುರಿದು ಉಪಯೋಗ ಇಲ್ಲ. ಕಾಳು ಬಾಯಲ್ಲಿ ಬೇಗ ಕರಗದೇ ಹಾಗೇ ಉಳಿದ್ರೆ ಅದು ಲ್ಯಾಕ್ಟೋಸ್ ಹರಳು, ಹಾಲಿನ ಪುಡಿ ಜಾಸ್ತಿ ಹಾಕಿದಾಗ ಬರೋದು.

ಸಕ್ಕರೆ ಕಮ್ಮಿ ಆಗಿ ಕಲ್ಲಾಗಿದ್ರೆ ಎಸೀಬೇಡಿ. ಡಬ್ಬಾನ ಫ್ರಿಜ್ಜಲ್ಲಿಟ್ಟು ಪೂರ್ತಿ ಕರಗಿಸಿ (ರಾತ್ರಿಯಿಡೀ ಹೊರಗಿಟ್ರೆ ಹಾಲು ಕೆಡತ್ತೆ), ಬೇಸನ್ನ ಹದವಾಗಿ ಬಿಸಿ ಮಾಡಿ ಕಮ್ಮಿ ಬಿದ್ದಷ್ಟು ಸಕ್ಕರೆ ಕರಗಿಸಿ, ಮತ್ತೆ ತಣ್ಣಗೆ ಮಾಡಿ ಮತ್ತೆ ಕಡೀರಿ. ಗಟ್ಟಿ ಐಸ್ ಕ್ರೀಮ್ ಮೇಲೆ ಸಕ್ಕರೆ ಉದುರಿಸಿ ಕಲಸೋ ಅಡ್ಡದಾರಿ ಕೆಲಸ ಮಾಡಲ್ಲ, ನಾನು ಅದನ್ನೂ ಮಾಡಿ ನೋಡಿದೀನಿ.

ಸಕ್ಕರೆ ಜಾಸ್ತಿ ಆಗಿದ್ರೆ ತೆಗೆಯೋಕಾಗಲ್ಲ, ಆದ್ರೆ ಹಂಚಬಹುದು. 200 ಗ್ರಾಂ ಹಾಕಿಬಿಟ್ಟಿದೀರಿ, 150ರ ಹದಕ್ಕೆ ತರಬೇಕು ಅಂದ್ರೆ ಸಕ್ಕರೆ ಇಲ್ಲದ ಹಾಲು ಮತ್ತು ಕ್ರೀಮಿನ ಪಾಲು 850 ಇದ್ದದ್ದು ಸುಮಾರು 1130 ಆಗಬೇಕು. ಅಂದ್ರೆ ಇಳಿಸಿದ ಹಾಲು 200 ಗ್ರಾಂ, ಕ್ರೀಮ್ 80 ಗ್ರಾಂ ಕಾಯಿಸಿ ಆರಿಸಿ, ಕರಗಿದ ಬೇಸ್‌ಗೆ ಸೇರಿಸಿ ಮತ್ತೆ ಫ್ರಿಜ್ಜಿಗೆ, ಆಮೇಲೆ ಕಡೆಯೋದು. ಡಬ್ಬ ಮಾತ್ರ ಮೊದಲಿಗಿಂತ ದೊಡ್ಡದು ಹುಡುಕಿಟ್ಕೊಳಿ.